ಲವಣಗಳು ಏರುಪೇರಾದಾಗ ವಾರ್ಡಿನಲ್ಲಿ ನಡೆಯುವುದೇನು

ದೇಹದಲ್ಲಿರುವ ಪೊಟ್ಯಾಸಿಯಂನ ಸುಮಾರು 98 ಪಾಲು ಜೀವಕೋಶಗಳ ಒಳಗೇ ಇರುತ್ತದೆ. ರಕ್ತದಲ್ಲಿ ಓಡಾಡುವುದು ಮಿಕ್ಕ ಎರಡು ಪಾಲಿನಷ್ಟೇ. ಸೋಡಿಯಂ ಇದಕ್ಕೆ ತಿರುಗುಮುರುಗು, ಅದರ ವಾಸ ಮುಖ್ಯವಾಗಿ ಜೀವಕೋಶಗಳ ಹೊರಗೆ. ಕ್ಯಾಲ್ಸಿಯಂನ 99 ಪಾಲು ಮೂಳೆ, ಹಲ್ಲುಗಳಲ್ಲಿ ಕೂತಿರುತ್ತದೆ. ಪ್ರಯೋಗಾಲಯ ಅಳೆದು ಹೇಳುವುದು ರಕ್ತದಲ್ಲಿರುವ ಪ್ರಮಾಣವನ್ನು ಮಾತ್ರ. ಒಂದು ಲೀಟರ್ ರಕ್ತರಸದಲ್ಲಿ ಪೊಟ್ಯಾಸಿಯಂ 3.5ರಿಂದ 5, ಸೋಡಿಯಂ 135ರಿಂದ 145 ಮಿಲಿ ಈಕ್ವಿವಲೆಂಟ್ ಇರಬೇಕು. ಕ್ಯಾಲ್ಸಿಯಂ ನೂರು ಮಿಲಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ.

ಜೀವಕೋಶದ ಒಳಗೂ ಹೊರಗೂ ಇರುವ ಈ ವ್ಯತ್ಯಾಸದಿಂದಲೇ ನರ ಮತ್ತು ಸ್ನಾಯುಗಳಲ್ಲಿ ವಿದ್ಯುತ್ ಹುಟ್ಟುತ್ತದೆ. ಆದ್ದರಿಂದ ಲವಣ ಏರಿದರೂ ಇಳಿದರೂ ಪೆಟ್ಟು ಬೀಳುವುದು ಹೃದಯ, ಸ್ನಾಯು, ಮಿದುಳುಗಳಿಗೆ. ತೊಡಕೆಂದರೆ, ಈ ಪೆಟ್ಟು ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಸುಸ್ತು, ವಾಂತಿ, ಕಾಲುನೋವು, ಮಂಕು ಎಂಬ ದಿನನಿತ್ಯದ ದೂರುಗಳ ವೇಷದಲ್ಲಿ ಬರುತ್ತದೆ. ರಕ್ತದ ವರದಿ ಬರಲು ಗಂಟೆಗಟ್ಟಲೆ ಹಿಡಿಯಬಹುದು. ಅಷ್ಟರಲ್ಲಿ ರೋಗಿಯ ಪಕ್ಕದಲ್ಲಿರುವವರು ನರ್ಸ್. ಔಷಧ ಬರೆಯುವವರು ವೈದ್ಯರು. ಆದರೆ ಅನುಮಾನಿಸುವುದು, ರಕ್ತವನ್ನು ಸರಿಯಾಗಿ ತೆಗೆಯುವುದು, ಔಷಧ ಎಷ್ಟು ವೇಗದಲ್ಲಿ ಮೈ ಸೇರಬೇಕೆಂಬುದನ್ನು ಕಾಯುವುದು ನರ್ಸ್ ಪಾಲಿನ ಕೆಲಸ. ಈ ಮೂರರಲ್ಲಿ ಹೆಚ್ಚು ಅಪಾಯ ಅಡಗಿರುವುದು ವೇಗದಲ್ಲಿ.

ಮೊದಲು ಪೊಟ್ಯಾಸಿಯಂ, ಏಕೆಂದರೆ ನಿಮಿಷಗಳಲ್ಲಿ ಜೀವ ತೆಗೆಯಬಲ್ಲದ್ದು ಅದು. ಅದನ್ನು ಹೊರಹಾಕುವ ಮುಖ್ಯ ದಾರಿ ಮೂತ್ರಪಿಂಡ. ಮೂತ್ರಪಿಂಡ ಕೈಕೊಟ್ಟವರಲ್ಲಿ ತಿಂದ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತು, ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವ ಐವತ್ತೈದರ ಒಬ್ಬ ರೋಗಿಯನ್ನು ಊಹಿಸಿಕೊಳ್ಳಬಹುದು. ನೆಂಟರ ಮದುವೆಯ ಗಡಿಬಿಡಿಯಲ್ಲಿ ಒಂದು ಸರದಿ ತಪ್ಪಿದೆ. ಬಿಸಿಲಿಗೆ ಬಳಲಿದರೆಂದು ಮನೆಯವರು ಎರಡು ಎಳನೀರು ಕುಡಿಸಿದ್ದಾರೆ. ಒಂದು ಎಳನೀರಿನಲ್ಲಿ ಸುಮಾರು ಅರ್ಧ ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಇಂಥವರಿಗೆ ಇಡೀ ದಿನಕ್ಕೆ ಸಾಮಾನ್ಯವಾಗಿ ಎರಡು-ಮೂರು ಗ್ರಾಂ ಮೀರಬಾರದೆಂದು ಹೇಳಿರುತ್ತಾರೆ. ಜೊತೆಗೆ ಅವರು ನುಂಗುವ ರಕ್ತದೊತ್ತಡದ ಮಾತ್ರೆ ಟೆಲ್ಮಿಸಾರ್ಟನ್ ಕೂಡ ಪೊಟ್ಯಾಸಿಯಂ ಏರಿಸುವ ಜಾತಿಯದು. ಸಂಜೆಗೆ ಅವರು ತುರ್ತು ವಿಭಾಗಕ್ಕೆ ಬರುವಾಗ ಹೇಳುವ ದೂರು ಇಷ್ಟೇ: “ಸಿಸ್ಟರ್, ಯಾಕೋ ಕಾಲು ಎತ್ತಿಡೋಕೇ ಆಗ್ತಿಲ್ಲ.”

ಅನುಭವಿ ನರ್ಸ್‌ಗೆ ಎರಡು ಸಂಗತಿಗಳು ಒಟ್ಟಿಗೆ ಕಿವಿಗೆ ಬೀಳುತ್ತವೆ, ತಪ್ಪಿದ ಡಯಾಲಿಸಿಸ್ ಮತ್ತು ಸೋಲುತ್ತಿರುವ ಕಾಲು. ನಾಡಿ ನೋಡಿದರೆ ನಿಮಿಷಕ್ಕೆ 44. ಇಷ್ಟಾದ ಮೇಲೆ ರಕ್ತದ ವರದಿಗಾಗಿ ಕಾಯುವಂತಿಲ್ಲ. ಮಾನಿಟರ್ ಹಚ್ಚಿ, ಕೂಡಲೇ ಇಸಿಜಿ ತೆಗೆದು ವೈದ್ಯರ ಕೈಗೆ ಕೊಡಬೇಕು. ಪೊಟ್ಯಾಸಿಯಂ ಏರಿದಾಗ ಇಸಿಜಿಯಲ್ಲಿ ‘ಟಿ’ ಅಲೆಗಳು ಡೇರೆಯ ತುದಿಯಂತೆ ಎತ್ತರವಾಗಿ ಚೂಪಾಗುತ್ತವೆ. ಇನ್ನೂ ಏರಿದರೆ ‘ಪಿ’ ಅಲೆ ಚಪ್ಪಟೆಯಾಗಿ ಮಾಯವಾಗುತ್ತದೆ, ನಡುವಿನ ‘ಕ್ಯೂಆರ್‌ಎಸ್’ ಭಾಗ ಅಗಲವಾಗುತ್ತ ಹೋಗುತ್ತದೆ. ಅಲ್ಲಿಂದ ಹೃದಯ ನಿಲ್ಲಲು ಹೆಚ್ಚು ದೂರವಿಲ್ಲ. ಇಲ್ಲೊಂದು ಎಚ್ಚರವೂ ಬೇಕು. ಇಸಿಜಿ ಸಹಜವಾಗಿಯೇ ಕಂಡರೂ ಪೊಟ್ಯಾಸಿಯಂ ಅಪಾಯದ ಮಟ್ಟದಲ್ಲಿರಬಹುದು. ಹಾಗಾಗಿ ಸಹಜ ಇಸಿಜಿ ನೋಡಿ ಮಾನಿಟರ್ ತೆಗೆಯಬಾರದು.

ಡಯಾಲಿಸಿಸ್‌ಗೆಂದು ಫಿಸ್ಟುಲಾ ಮಾಡಿರುವ ಕೈಗೆ ಸೂಜಿಯನ್ನಾಗಲಿ ಬಿಪಿ ಪಟ್ಟಿಯನ್ನಾಗಲಿ ಹಾಕಬಾರದು, ಮತ್ತೊಂದು ಕೈಯಲ್ಲೇ ರಕ್ತ ತೆಗೆದು ಕ್ಯಾನುಲಾ ಹಾಕಬೇಕು. ರಕ್ತ ತೆಗೆಯುವ ಬಗೆಯಲ್ಲೂ ಸೂಕ್ಷ್ಮವಿದೆ. ತೋಳಿನ ಪಟ್ಟಿಯನ್ನು ಬಿಗಿಯಾಗಿ ಬಹಳ ಹೊತ್ತು ಕಟ್ಟಿದರೆ, ಮುಷ್ಟಿ ಬಿಗಿಹಿಡಿದು ಬಿಡಲು ಹೇಳಿದರೆ, ಸಪೂರ ಸೂಜಿಯಿಂದ ಜೋರಾಗಿ ಎಳೆದರೆ ಅಥವಾ ಟ್ಯೂಬನ್ನು ಜೋರಾಗಿ ಕುಲುಕಿದರೆ ವರದಿಯಲ್ಲಿ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ರಕ್ತಕಣ ಒಡೆದು ಅದರೊಳಗಿದ್ದದ್ದು ಹೊರಗೆ ಚೆಲ್ಲುವುದು ಇದಕ್ಕೆ ಮುಖ್ಯ ಕಾರಣ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ರಾಸಾಯನಿಕದಲ್ಲೇ ಪೊಟ್ಯಾಸಿಯಂ ಇರುತ್ತದೆ, ಅದು ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ ಕೂಡ. ಅದಕ್ಕೇ ಲವಣಗಳ ಟ್ಯೂಬನ್ನು ಮೊದಲು ತುಂಬಿಸಿ, ನೇರಳೆಯನ್ನು ಆಮೇಲೆ ತುಂಬಿಸುವುದು ಕ್ರಮ. ಒಂದರಿಂದ ಇನ್ನೊಂದಕ್ಕೆ ರಕ್ತ ಸುರಿಯುವುದಂತೂ ಕೂಡದು. ಆರಾಮಾಗಿ ಕೂತು ಮಾತಾಡುತ್ತಿರುವ ರೋಗಿಯ ವರದಿಯಲ್ಲಿ ಪೊಟ್ಯಾಸಿಯಂ ತೀರಾ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ ಎಂದು ಒಟ್ಟಿಗೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಟ್ಯೂಬನ್ನು.

ನಮ್ಮ ರೋಗಿಯ ವರದಿ 7.4 ಎನ್ನುತ್ತದೆ, ಇಸಿಜಿಯೂ ಅದನ್ನೇ ಹೇಳುತ್ತಿದೆ. ಮೊದಲ ಔಷಧ ಕ್ಯಾಲ್ಸಿಯಂ ಗ್ಲುಕೋನೇಟ್. 10 ಪ್ರತಿಶತ ದ್ರಾವಣದ 10 ಮಿಲಿಲೀಟರನ್ನು ಐದು ನಿಮಿಷದಷ್ಟು ಕಾಲ ನಿಧಾನವಾಗಿ, ಮಾನಿಟರ್ ಮೇಲೆ ಕಣ್ಣಿಟ್ಟು ಕೊಡುತ್ತಾರೆ. ಮೂರ್ನಾಲ್ಕು ನಿಮಿಷದಲ್ಲಿ ಇಸಿಜಿ ತಹಬಂದಿಗೆ ಬರತೊಡಗುತ್ತದೆ, ಬಾರದಿದ್ದರೆ ವೈದ್ಯರು ಮತ್ತೊಮ್ಮೆ ಕೊಡಿಸುತ್ತಾರೆ. ಇದು ಹೃದಯವನ್ನು ಅರ್ಧ-ಮುಕ್ಕಾಲು ಗಂಟೆ ಕಾಯುತ್ತದೆಯೇ ಹೊರತು ಪೊಟ್ಯಾಸಿಯಂ ಅನ್ನು ಒಂದಿಷ್ಟೂ ಇಳಿಸುವುದಿಲ್ಲ. ಇಸಿಜಿ ಚೆನ್ನಾಯಿತೆಂದು ಕೈಚೆಲ್ಲಿ ಕೂರುವ ತಪ್ಪು ಆಗುವುದು ಇಲ್ಲೇ.

ಇಳಿಸಲು ಇನ್ಸುಲಿನ್ ಬೇಕು. ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಜೀವಕೋಶದೊಳಕ್ಕೆ ನೂಕುತ್ತದೆ. ವಾಡಿಕೆಯ ಪ್ರಮಾಣ 10 ಯೂನಿಟ್ ರೆಗ್ಯುಲರ್ ಇನ್ಸುಲಿನ್, ಸಕ್ಕರೆ ಕುಸಿಯದಿರಲೆಂದು ಜೊತೆಗೆ 25 ಗ್ರಾಂ ಗ್ಲೂಕೋಸ್, ಅಂದರೆ 25 ಪ್ರತಿಶತ ಡೆಕ್ಸ್‌ಟ್ರೋಸ್ 100 ಮಿಲಿಲೀಟರ್. ಭಾರತದ ಆಸ್ಪತ್ರೆಗಳಲ್ಲಿ ಇಲ್ಲೊಂದು ಹಳ್ಳವಿದೆ. ಇನ್ಸುಲಿನ್ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಯಲ್ಲೂ ಬರುತ್ತದೆ, 100 ಯೂನಿಟ್ ಇರುವ ಸೀಸೆಯಲ್ಲೂ ಬರುತ್ತದೆ, ಎರಡಕ್ಕೂ ಸಿರಿಂಜ್ ಬೇರೆ. ನಲವತ್ತರ ಸಿರಿಂಜಿನಲ್ಲಿ ನೂರರ ಇನ್ಸುಲಿನ್ ಎಳೆದರೆ ಹತ್ತು ಎಂದುಕೊಂಡದ್ದು ಇಪ್ಪತ್ತೈದಾಗುತ್ತದೆ. ಆದ್ದರಿಂದ ಸೀಸೆ, ಸಿರಿಂಜ್ ಎರಡನ್ನೂ ಇಬ್ಬರು ನರ್ಸ್‌ಗಳು ಜೋರಾಗಿ ಓದಿ ತಾಳೆ ನೋಡುತ್ತಾರೆ. ಮೂತ್ರಪಿಂಡ ಸೋತವರಲ್ಲಿ ಇನ್ಸುಲಿನ್ ಬೇಗ ಕರಗುವುದಿಲ್ಲ. ಒಂದು ಗಂಟೆಯ ಹೊತ್ತಿಗೆ ಸರಿಯಿದ್ದ ಸಕ್ಕರೆ ನಾಲ್ಕನೆಯ ಗಂಟೆಗೆ ಕುಸಿಯಬಹುದು. ಆರು ಗಂಟೆ ಕಾಲ ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡುವುದು ರೋಗಿಗೆ ಕಿರಿಕಿರಿಯೆನಿಸಿದರೂ ಬಿಡುವಂತಿಲ್ಲ. ಇದರ ಜೊತೆಗೆ ಸಾಲ್ಬುಟಮಾಲ್ ಆವಿಯನ್ನೂ ಕೊಡುವುದುಂಟು. ದಮ್ಮಿಗೆ ಕೊಡುವ ಪ್ರಮಾಣದ ನಾಲ್ಕು ಪಟ್ಟು, ಅಂದರೆ 10 ಮಿಲಿಗ್ರಾಂ ಬೇಕಾಗುವುದರಿಂದ ಎದೆಬಡಿತ ಏರುವುದನ್ನು, ಹೃದ್ರೋಗವಿದ್ದವರಲ್ಲಿ ಎದೆನೋವನ್ನು ಗಮನಿಸುತ್ತಿರಬೇಕು.

ಇಷ್ಟೆಲ್ಲ ಮಾಡಿದರೂ ಪೊಟ್ಯಾಸಿಯಂ ದೇಹ ಬಿಟ್ಟು ಹೋಗಿಲ್ಲ, ಜೀವಕೋಶದೊಳಗೆ ಅಡಗಿದೆಯಷ್ಟೆ. ನಾಲ್ಕಾರು ಗಂಟೆಗಳಲ್ಲಿ ಅದು ಮತ್ತೆ ಹೊರಬರುತ್ತದೆ. ಆ ಗಡುವಿನೊಳಗೆ ಡಯಾಲಿಸಿಸ್ ಶುರುವಾಗಬೇಕು. ಡಯಾಲಿಸಿಸ್ ಮುಗಿದ ಕೂಡಲೇ ತೆಗೆದ ರಕ್ತದಲ್ಲಿ ಪೊಟ್ಯಾಸಿಯಂ 4.2 ಬಂದರೂ ಕೆಲವು ಗಂಟೆಗಳ ನಂತರ ಅದು ಒಂದಿಷ್ಟು ಮೇಲೇರುವುದು ಸಹಜ, ಹಾಗಾಗಿ ಇನ್ನೊಮ್ಮೆ ನೋಡಬೇಕು. ಮನೆಗೆ ಕಳುಹಿಸುವ ಮುನ್ನ ನರ್ಸ್ ಎಳನೀರು, ಬಾಳೆಹಣ್ಣುಗಳ ಜೊತೆಗೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಅಡುಗೆಯ ಉಪ್ಪಿನದು. ‘ಸೋಡಿಯಂ ಕಡಿಮೆ’ ಎಂದು ಮಾರುವ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಒಂದಷ್ಟು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಬಿಪಿ ಇದ್ದವರಿಗೆ ಒಳ್ಳೆಯದೆಂದು ಮನೆಗೆ ಬಂದ ಆ ಪೊಟ್ಟಣ ಮೂತ್ರಪಿಂಡ ಸೋತವರಿಗೆ ಅಪಾಯಕಾರಿ.

ಪೊಟ್ಯಾಸಿಯಂ ಇಳಿದಾಗ ಕಥೆ ಬೇರೆ ದಿಕ್ಕಿಗೆ ತಿರುಗುತ್ತದೆ. ಬಿಡದ ವಾಂತಿ-ಭೇದಿ, ಹೆಚ್ಚು ಮೂತ್ರ ಹೋಗಿಸುವ ಫ್ರುಸೆಮೈಡ್‌ನಂಥ ಮಾತ್ರೆ, ಮೇಲಿಂದ ಮೇಲೆ ಕೊಟ್ಟ ಸಾಲ್ಬುಟಮಾಲ್ ಆವಿ, ಇನ್ಸುಲಿನ್ ಡ್ರಿಪ್ ಇವು ಸಾಮಾನ್ಯ ಕಾರಣಗಳು. ತೊಡೆಯಲ್ಲಿ ಶಕ್ತಿ ಉಡುಗುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ಕರುಳು ಸುಮ್ಮನಾಗಿ ಹೊಟ್ಟೆ ಉಬ್ಬರಿಸುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಿಗೆ ಮೂರನೆಯ ದಿನವೂ ಗಾಳಿ ಹೋಗಿಲ್ಲವೆಂದರೆ ಪೊಟ್ಯಾಸಿಯಂ ನೋಡಿಸುವುದು ಲೇಸು. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಲ್ಲಿ ಅಪಾಯ ಇಮ್ಮಡಿ, ಏಕೆಂದರೆ ಪೊಟ್ಯಾಸಿಯಂ ಇಳಿದಾಗ ಮಾಮೂಲಿ ಪ್ರಮಾಣದ ಡಿಗಾಕ್ಸಿನ್ ಕೂಡ ವಿಷವಾಗಬಲ್ಲದು.

ಕುಡಿಯಬಲ್ಲವರಿಗೆ ಪೊಟ್ಯಾಸಿಯಂ ಸಿರಪ್ಪೇ ಸುರಕ್ಷಿತ. ಅದು ಹೊಟ್ಟೆಯನ್ನು ಕೆರಳಿಸುವುದರಿಂದ ಊಟವಾದ ಮೇಲೆ, ಅರ್ಧ ಲೋಟ ನೀರಿನಲ್ಲಿ ಬೆರೆಸಿ ಕೊಡಬೇಕು. ಕುಡಿಯಲಾಗದವರಿಗೆ, ಅಥವಾ ತೀರಾ ಇಳಿದಾಗ ಡ್ರಿಪ್ ಬೇಕು. ವಾರ್ಡಿನಲ್ಲಿ ಸಿಗುವ ಪೊಟ್ಯಾಸಿಯಂ ಕ್ಲೋರೈಡ್‌ನ 10 ಮಿಲಿಲೀಟರ್ ಆಂಪೂಲಿನಲ್ಲಿ ಸಾಮಾನ್ಯವಾಗಿ 20 ಮಿಲಿ ಈಕ್ವಿವಲೆಂಟ್ ಇರುತ್ತದೆ. ಇದನ್ನು ನೇರವಾಗಿ ನರಕ್ಕೆ ಚುಚ್ಚಿದರೆ ಹೃದಯ ಅಲ್ಲೇ ನಿಲ್ಲುತ್ತದೆ. ಬಣ್ಣವಿಲ್ಲದ ಈ ದ್ರಾವಣ ನೋಡಲು ಶುದ್ಧ ನೀರಿನ ಆಂಪೂಲಿನಂತೆಯೇ ಇರುವುದರಿಂದ, ಒಳ್ಳೆಯ ಆಸ್ಪತ್ರೆಗಳು ಇದನ್ನು ವಾರ್ಡಿನ ಔಷಧ ಟ್ರೇಯಲ್ಲಿ ಇಡುವುದೇ ಇಲ್ಲ. ಬೇರೆ ಬೀರುವಿನಲ್ಲಿ, ಎಚ್ಚರಿಕೆಯ ಚೀಟಿ ಅಂಟಿಸಿ, ಬೀಗ ಹಾಕಿಡುತ್ತವೆ.

ಒಂದು ಆಂಪೂಲನ್ನು 500 ಮಿಲಿಲೀಟರ್ ಸಲೈನಿಗೆ ಬೆರೆಸಿ, ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ಮೀರದಂತೆ, ಅಂದರೆ ಆ ಬಾಟಲಿ ಎರಡು ಗಂಟೆಗಿಂತ ಮೊದಲು ಮುಗಿಯದಂತೆ ಹಾಕಬೇಕು. ಇನ್ನೂ ವೇಗ ಬೇಕೆಂದರೆ ರೋಗಿ ಐಸಿಯುನಲ್ಲಿ, ಮಾನಿಟರ್ ಕೆಳಗೆ ಇರಬೇಕು. ಈಗಾಗಲೇ ನೇತುಹಾಕಿ ಹರಿಯುತ್ತಿರುವ ಬಾಟಲಿಗೆ ಮೇಲಿನಿಂದ ಪೊಟ್ಯಾಸಿಯಂ ಸೇರಿಸುವುದು ಹಳೆಯ ಕೆಟ್ಟ ಅಭ್ಯಾಸ. ಭಾರವಾದ ಆ ದ್ರಾವಣ ತಳಕ್ಕಿಳಿದು, ಮೊದಲ ಕೆಲವೇ ನಿಮಿಷಗಳಲ್ಲಿ ಬಹುಪಾಲು ರೋಗಿಯ ಮೈ ಸೇರುತ್ತದೆ. ಬಾಟಲಿಯನ್ನು ಇಳಿಸಿ, ಬೆರೆಸಿ, ಹಲವು ಸಲ ತಲೆಕೆಳಗು ಮಾಡಿ ಆಮೇಲೆ ನೇತುಹಾಕಬೇಕು. ರೋಗಿಗೆ ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಮೂತ್ರವೇ ಇಲ್ಲದವರಿಗೆ ಕೊಟ್ಟ ಪೊಟ್ಯಾಸಿಯಂಗೆ ಹೊರದಾರಿಯಿಲ್ಲ. ಕೈ ಉರಿಯುತ್ತದೆಂದು ರೋಗಿ ಹೇಳಿದರೆ ಸಹಿಸಿಕೊಳ್ಳಿ ಎನ್ನದೆ, ಜಾಗ ಊದಿದೆಯೇ ನೋಡಿ ವೇಗ ತಗ್ಗಿಸಬೇಕು. ಎಷ್ಟು ಕೊಟ್ಟರೂ ಮಟ್ಟ ಏರದಿದ್ದರೆ ಮ್ಯಾಗ್ನೀಸಿಯಂ ಕಡಿಮೆಯಿರಬಹುದೆಂದು ವೈದ್ಯರಿಗೆ ನೆನಪಿಸುವುದೂ ಉಪಯುಕ್ತ. ಅದು ಸರಿಹೋಗದೆ ಪೊಟ್ಯಾಸಿಯಂ ನಿಲ್ಲುವುದಿಲ್ಲ.

ಸೋಡಿಯಂ ಮಿದುಳಿನ ವಿಷಯ. ರಕ್ತದಲ್ಲಿ ಸೋಡಿಯಂ ಇಳಿಯಿತೆಂದರೆ ಉಪ್ಪು ಕಡಿಮೆಯಾಯಿತೆಂದೇ ಬಹಳ ಮಂದಿ ತಿಳಿಯುತ್ತಾರೆ. ಎಷ್ಟೋ ಸಲ ಆಗಿರುವುದು ನೀರು ಹೆಚ್ಚಾಗಿರುವುದು. ಹೃದಯ ಸೋತು ಮೈ ಊದಿಕೊಂಡವರಲ್ಲಿ ಸೋಡಿಯಂ ಕಡಿಮೆಯಿದ್ದಾಗ ಮನೆಯವರು ಗಂಜಿಗೆ ಉಪ್ಪು ಹಾಕಿ ಕುಡಿಸಿದರೆ ಊತ ಇನ್ನಷ್ಟು ಏರುತ್ತದೆ. ಅಲ್ಲಿ ಬೇಕಾಗಿರುವುದು ನೀರಿನ ಮಿತಿ.

ಹಾಸಿಗೆಯ ಬಳಿ ಹೆಚ್ಚಾಗಿ ಕಾಣುವ ಚಿತ್ರ ಇಂಥದು. ಎಪ್ಪತ್ತು ದಾಟಿದ ಅಜ್ಜಿ. ಬಿಪಿಗೆ ಥಯಾಜೈಡ್ ಜಾತಿಯ ಮಾತ್ರೆ, ಊಟದಲ್ಲಿ ಉಪ್ಪು ಕಡಿಮೆ. ನಾಲ್ಕು ದಿನ ವಾಂತಿಯಾಗಿ ಬರೀ ನೀರು, ತೆಳು ಗಂಜಿ ಕುಡಿದಿದ್ದಾರೆ. ಈಗ ತೂಕಡಿಸುತ್ತಾರೆ, ಮಗನನ್ನು ತಮ್ಮನ ಹೆಸರಿನಿಂದ ಕರೆಯುತ್ತಾರೆ, ಬಚ್ಚಲಿಗೆ ಹೋಗುವಾಗ ಓಲಾಡುತ್ತಾರೆ. ವಯಸ್ಸಾಯಿತಲ್ಲ ಎಂದು ಮನೆಯವರು ಸಮಾಧಾನ ಮಾಡಿಕೊಂಡಿರುತ್ತಾರೆ. ನರ್ಸ್ ಕೇಳಬೇಕಾದ ಪ್ರಶ್ನೆ ಒಂದೇ: “ಹೋದ ವಾರ ಹೇಗಿದ್ದರು?” ಹೋದ ವಾರ ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು ಎಂಬ ಉತ್ತರ ಬಂದರೆ ಇದು ವಯಸ್ಸಿನ ಮರೆವಲ್ಲ. ಇಂಥವರ ರಕ್ತದಲ್ಲಿ ಸೋಡಿಯಂ 112 ಎಂದು ಬಂದರೆ ಅಚ್ಚರಿಯಿಲ್ಲ.

ಸೋಡಿಯಂ ಇಳಿದಾಗ ನೀರು ಮಿದುಳಿನ ಜೀವಕೋಶಗಳೊಳಗೆ ನುಗ್ಗಿ ಅವು ಊದಿಕೊಳ್ಳುತ್ತವೆ. ಒಂದೇ ದಿನದಲ್ಲಿ ಇಳಿದರೆ ಫಿಟ್ಸ್ ಬರಬಹುದು, ಉಸಿರು ನಿಲ್ಲಬಹುದು. ಹಲವು ದಿನಗಳಲ್ಲಿ ಮೆಲ್ಲಗೆ ಇಳಿದರೆ ಮಿದುಳು ತನ್ನೊಳಗಿನ ಕೆಲವು ಪದಾರ್ಥಗಳನ್ನು ಹೊರಹಾಕಿ ಹೊಂದಿಕೊಳ್ಳುತ್ತದೆ. ಹೀಗೆ ಹೊಂದಿಕೊಂಡ ಮಿದುಳಿಗೆ ಸೋಡಿಯಂ ಅನ್ನು ಸರಸರ ಏರಿಸಿದರೆ ಅದು ತಾಳಲಾರದು. ಮಿದುಳಿನ ಕಾಂಡದಲ್ಲಿ ನರತಂತುಗಳ ಹೊದಿಕೆ ಕಳಚುತ್ತದೆ. ಮೊದಲೆರಡು ದಿನ ರೋಗಿ ಗೆಲುವಾಗಿ ಕಂಡು, ಆಮೇಲೆ ಮಾತು ತೊದಲಿ, ನುಂಗಲಾಗದೆ, ಕೈಕಾಲು ಬಿದ್ದುಹೋಗುತ್ತವೆ. ಹಾಗಾಗಿ 24 ಗಂಟೆಗಳಲ್ಲಿ ಸೋಡಿಯಂ 8ಕ್ಕಿಂತ ಹೆಚ್ಚು ಏರದಂತೆ ವೈದ್ಯರು ಗುರಿ ಹಾಕಿಕೊಳ್ಳುತ್ತಾರೆ. 112 ಇದ್ದದ್ದು ನಾಳೆಗೆ 120 ಆದರೆ ಸಾಕು, 130 ಆದರೆ ಅದು ಗೆಲುವಲ್ಲ.

ಫಿಟ್ಸ್ ಬಂದಿದ್ದರೆ ಮಾತ್ರ ಅವಸರ. ಆಗ 3 ಪ್ರತಿಶತ ಸಲೈನನ್ನು 100 ಮಿಲಿಲೀಟರಿನಂತೆ ಹತ್ತು ನಿಮಿಷದಲ್ಲಿ ಕೊಟ್ಟು, ನಾಲ್ಕರಿಂದ ಆರು ಏರಿದೊಡನೆ ನಿಲ್ಲಿಸುತ್ತಾರೆ. ಮಾಮೂಲಿ ಸಲೈನ್ 0.9 ಪ್ರತಿಶತದ್ದು, ಅದರ ಬಾಟಲಿಗೂ ಇದಕ್ಕೂ ನೋಟದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಆದ್ದರಿಂದ ಇಲ್ಲೂ ಇಬ್ಬರು ಓದಬೇಕು. ಡ್ರಿಪ್ ಹರಿಯುತ್ತಿರುವ ಕೈಯಿಂದ ರಕ್ತ ತೆಗೆಯಬಾರದು, ತೆಗೆದರೆ ವರದಿ ಬರುವುದು ಬಾಟಲಿಯದ್ದೇ ಹೊರತು ರೋಗಿಯದ್ದಲ್ಲ.

ಅಜ್ಜಿಯ ರಾತ್ರಿಪಾಳಿಯ ನರ್ಸ್ ಕಾಯಬೇಕಾದ ಮುಖ್ಯ ಸೂಚನೆ ಮೂತ್ರದ ಚೀಲದಲ್ಲಿದೆ. ಮಾತ್ರೆ ನಿಂತು, ಸಲೈನ್ ಹೋಗಿ, ವಾಂತಿ ನಿಂತ ಮೇಲೆ ದೇಹ ತಡೆಹಿಡಿದಿದ್ದ ನೀರನ್ನು ಒಮ್ಮೆಲೇ ಬಿಡತೊಡಗುತ್ತದೆ. ಗಂಟೆಗೆ 40 ಮಿಲಿಲೀಟರ್ ಬರುತ್ತಿದ್ದ ಗಾಢ ಮೂತ್ರ ಇದ್ದಕ್ಕಿದ್ದಂತೆ 150ಕ್ಕೇರಿ ನೀರಿನಂತೆ ತಿಳಿಯಾದರೆ ಒಳಗೆ ಸೋಡಿಯಂ ಜಿಗಿಯುತ್ತಿದೆ ಎಂದರ್ಥ. ಮೂತ್ರ ಚೆನ್ನಾಗಿ ಬರುತ್ತಿದೆ ಎಂದು ಬರೆದು ಸುಮ್ಮನಾಗುವ ಸಂಗತಿಯಲ್ಲ ಇದು. ಗಂಟೆ ಎರಡಾಗಿದ್ದರೂ ವೈದ್ಯರನ್ನು ಎಬ್ಬಿಸಿ ಹೇಳಬೇಕು, ರಕ್ತ ಮತ್ತೆ ಕಳುಹಿಸಬೇಕು. ಉಳಿದಂತೆ ಮಂಚದ ಕಟಕಟೆ ಎತ್ತಿಡುವುದು, ಆಮ್ಲಜನಕ ಮತ್ತು ಸಕ್ಷನ್ ಕೈಗೆಟಕುವಂತಿಡುವುದು, ದಿನವೂ ಬೆಳಗ್ಗೆ ಅದೇ ತಕ್ಕಡಿಯಲ್ಲಿ ತೂಕ ನೋಡುವುದು. ನೀರಿಗೆ ದಿನಕ್ಕೊಂದು ಲೀಟರ್ ಮಿತಿ ಹಾಕಿರುವ ರೋಗಿಗಳಲ್ಲಿ ಮಾತ್ರೆ ನುಂಗಿದ ಗುಟುಕು, ಮಜ್ಜಿಗೆ, ಕಾಫಿ ಎಲ್ಲವೂ ಆ ಲೀಟರಿನ ಲೆಕ್ಕಕ್ಕೇ ಸೇರುತ್ತವೆ ಎಂಬುದನ್ನು ಜೊತೆಗಿರುವವರಿಗೆ ಬಿಡಿಸಿ ಹೇಳಬೇಕು.

ಸೋಡಿಯಂ ಏರುವುದು ಹೆಚ್ಚಾಗಿ ಬಾಯಾರಿಕೆ ಹೇಳಿಕೊಳ್ಳಲಾಗದವರಲ್ಲಿ, ಅಂದರೆ ಪಾರ್ಶ್ವವಾಯು ಹೊಡೆದು ಮೂಗಿನ ನಳಿಕೆಯಲ್ಲಿ ಆಹಾರ ಪಡೆಯುವವರಲ್ಲಿ, ಹಸುಳೆಗಳಲ್ಲಿ. ನಾಲಿಗೆ ಒಣಗಿ ಬಿರುಕು ಬಿಡುತ್ತದೆ, ರೋಗಿ ಚಡಪಡಿಸುತ್ತಾರೆ, ಬಳಿಕ ಮಂಕಾಗುತ್ತಾರೆ. ಮದ್ದು ನೀರೇ, ಆದರೆ ಇಲ್ಲೂ ಒಂದೆರಡು ದಿನಗಳಲ್ಲಿ ಹಂಚಿ ನಿಧಾನವಾಗಿ ಕೊಡಬೇಕು.

ಕ್ಯಾಲ್ಸಿಯಂನ ಮಹತ್ವ ಗೊತ್ತಾದದ್ದು ಒಂದು ಆಕಸ್ಮಿಕದಿಂದ. ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯ 1880ರ ದಶಕದಲ್ಲಿ ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿಟ್ಟು ಬಡಿಸುತ್ತಿದ್ದ. ದ್ರಾವಣವನ್ನು ಬಟ್ಟಿಯಿಳಿಸಿದ ನೀರಿನ ಬದಲು ನಲ್ಲಿನೀರಿನಲ್ಲಿ ಮಾಡಲಾಗಿತ್ತೆಂದು ಆಮೇಲೆ ತಿಳಿಯಿತು. ಶುದ್ಧ ನೀರು ಬಳಸಿದಾಗ ಬಡಿತ ಕುಂದಿತು. ನಲ್ಲಿನೀರಿನಲ್ಲಿದ್ದ ಕ್ಯಾಲ್ಸಿಯಂ ಹೃದಯವನ್ನು ನಡೆಸುತ್ತಿತ್ತು. ವಾರ್ಡುಗಳಲ್ಲಿ ‘ಆರ್‌ಎಲ್’ ಎಂದು ಕರೆಯುವ ರಿಂಗರ್ ಲ್ಯಾಕ್ಟೇಟ್ ಬಾಟಲಿಗೆ ಅವನದೇ ಹೆಸರು, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮೂರೂ ಅದರಲ್ಲಿವೆ.

ಕ್ಯಾಲ್ಸಿಯಂ ಏರಿದಾಗ ಬಾಯಾರಿಕೆ, ಅತಿಮೂತ್ರ, ಮಲಬದ್ಧತೆ, ಮಂಕು ಕಾಣುತ್ತವೆ. ಕ್ಯಾನ್ಸರ್, ಪ್ಯಾರಾಥೈರಾಯ್ಡ್ ಗ್ರಂಥಿಯ ಗಡ್ಡೆ ಮುಖ್ಯ ಕಾರಣಗಳು. ಮಂಡಿನೋವಿಗೆಂದು ಮೇಲಿಂದ ಮೇಲೆ ಹಾಕಿಸಿಕೊಂಡ ಆರು ಲಕ್ಷ ಯೂನಿಟ್ಟಿನ ವಿಟಮಿನ್ ಡಿ ಇಂಜೆಕ್ಷನ್ ಕೂಡ ಕಾರಣವಾಗುವುದುಂಟು. ಸಲೈನ್ ಧಾರಾಳವಾಗಿ ಹೋಗಬೇಕು, ಆಗುವವರನ್ನು ಎಬ್ಬಿಸಿ ನಡೆದಾಡಿಸಬೇಕು.

ಕ್ಯಾಲ್ಸಿಯಂ ಇಳಿಯುವುದನ್ನು ನರ್ಸ್ ಎದುರುನೋಡುವುದು ಥೈರಾಯ್ಡ್ ಪೂರ್ತಿ ತೆಗೆದ ಶಸ್ತ್ರಚಿಕಿತ್ಸೆಯ ನಂತರ. ಥೈರಾಯ್ಡ್ ಹಿಂದೆಯೇ ಅಂಟಿಕೊಂಡಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಆಗ ಪೆಟ್ಟಾಗಬಹುದು. ಮೊದಲ ಒಂದೆರಡು ದಿನಗಳಲ್ಲಿ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು ಶುರುವಾಗುತ್ತದೆ. ರೋಗಿಗಳು ಇದನ್ನು ತಾವಾಗಿ ಹೇಳುವುದು ಅಪರೂಪ, ಕೈ ಮೇಲೆ ಮಲಗಿದ್ದಕ್ಕೆ ಜೋಮು ಹಿಡಿದಿದೆ ಎಂದುಕೊಳ್ಳುತ್ತಾರೆ. ಆದ್ದರಿಂದ ಪ್ರತಿ ಪಾಳಿಯಲ್ಲೂ ಕೇಳಬೇಕು. ಬಿಪಿ ನೋಡುವ ಪಟ್ಟಿಯೇ ಇಲ್ಲಿ ಪರೀಕ್ಷೆಯ ಸಾಧನ. ಮೇಲಿನ ಬಿಪಿಗಿಂತ ಇಪ್ಪತ್ತರಷ್ಟು ಹೆಚ್ಚು ಗಾಳಿ ತುಂಬಿಸಿ ಮೂರು ನಿಮಿಷ ಹಿಡಿದರೆ, ಕ್ಯಾಲ್ಸಿಯಂ ಕಡಿಮೆಯಿದ್ದವರ ಮಣಿಕಟ್ಟು ಬಾಗಿ, ಹೆಬ್ಬೆರಳು ಒಳಸರಿದು, ಬೆರಳುಗಳು ನೆಟ್ಟಗೆ ಕೂಡಿಕೊಳ್ಳುತ್ತವೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಟ್ರೂಸೋ ಗುರುತಿಸಿದ ಈ ಲಕ್ಷಣ, ಕಿವಿಯ ಮುಂದೆ ಬೆರಳಿಂದ ತಟ್ಟಿ ತುಟಿ ಅದುರುವುದನ್ನು ನೋಡುವ ಇನ್ನೊಂದು ಪರೀಕ್ಷೆಗಿಂತ ನಂಬಲರ್ಹ. ಏಕೆಂದರೆ ತುಟಿಯ ಅದುರು ಆರೋಗ್ಯವಂತರಲ್ಲೂ ಕೆಲವರಿಗೆ ಇರುತ್ತದೆ.

ಧ್ವನಿ ಗೊಗ್ಗರಾಗಿ, ಉಸಿರೆಳೆಯುವಾಗ ಸೀಟಿಯಂಥ ಸದ್ದು ಬಂದರೆ ಗಂಟಲ ಸ್ನಾಯು ಸೆಟೆಯುತ್ತಿರಬಹುದು. ಅದಕ್ಕೇ ಈ ರೋಗಿಗಳ ಬಳಿ ಉಸಿರುನಾಳದ ಸಾಮಗ್ರಿ ಸಿದ್ಧವಿರಬೇಕು. ಕತ್ತಿನ ಗಾಯದೊಳಗೆ ರಕ್ತ ತುಂಬಿ ಊದಿದರೂ ಇದೇ ಸದ್ದು ಬರುವುದರಿಂದ ಬ್ಯಾಂಡೇಜನ್ನು, ಕತ್ತಿನ ಹಿಂಬದಿಯನ್ನು ಕೂಡಲೇ ನೋಡಬೇಕು. ಚಿಕಿತ್ಸೆ ಮತ್ತೆ ಅದೇ ಕ್ಯಾಲ್ಸಿಯಂ ಗ್ಲುಕೋನೇಟ್, ಹತ್ತು ನಿಮಿಷದಷ್ಟು ನಿಧಾನವಾಗಿ. ಬೇಗ ಕೊಟ್ಟರೆ ನಾಡಿ ಕುಸಿಯುತ್ತದೆ. ನರದಿಂದ ಹೊರಗೆ ಸೋರಿದರೆ ಚರ್ಮ ಸುಟ್ಟಂತಾಗಿ ಕೊಳೆಯುತ್ತದೆ, ಆದ್ದರಿಂದ ದಪ್ಪ ನರವನ್ನೇ ಆರಿಸಬೇಕು. ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಕೊಡುವ ಸೆಫ್ಟ್ರಿಯಾಕ್ಸೋನ್‌ನಂಥ ಆಂಟಿಬಯೊಟಿಕ್ ಇದೇ ನಳಿಕೆಯಲ್ಲಿ ಹೋದರೆ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿಯಾಗುತ್ತದೆ. ಆರ್‌ಎಲ್ ಬಾಟಲಿಗೂ ಇದೇ ನಿಯಮ.

ಮನೆಗೆ ಹೋಗುವಾಗ ಇವರ ಕೈಗೆ ಎರಡು ಮಾತ್ರೆಗಳು ಬರುತ್ತವೆ, ಕ್ಯಾಲ್ಸಿಯಂ ಮತ್ತು ಥೈರಾಕ್ಸಿನ್. ಎರಡನ್ನೂ ಬೆಳಗ್ಗೆ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಥೈರಾಕ್ಸಿನ್ ಅನ್ನು ಕರುಳಿನಲ್ಲೇ ಹಿಡಿದಿಡುತ್ತದೆ. ಥೈರಾಕ್ಸಿನ್ ಅನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಕ್ಯಾಲ್ಸಿಯಂ ಅನ್ನು ಕನಿಷ್ಠ ನಾಲ್ಕು ಗಂಟೆ ಬಿಟ್ಟು, ಮಧ್ಯಾಹ್ನ ಮತ್ತು ರಾತ್ರಿ ಊಟದ ಜೊತೆ. ಬಾಯಿಯ ಸುತ್ತ ಜುಮುಗುಟ್ಟಿದರೆ ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಬರಬೇಕು.